ಸಾವಿನ ಸಂಖ್ಯೆ ಸಂಜೆ ಬಂತು

"ಸಂಪಾದಕರೇ, ಕುಂಭಮೇಳದ ನೂಕುನುಗ್ಗಲಿನ ಬಗ್ಗೆ ಬರೆಯುವಾಗ ಸರ್ಕಾರದ ಹೇಳಿಕೆಗಿಂತ ಅಳುತ್ತಿದ್ದವರ ಮಾತಿಗೇ ಜಾಸ್ತಿ ಜಾಗ ಕೊಟ್ಟಿದ್ದೀರಿ. ಗಾಬರಿಯಲ್ಲಿದ್ದವರನ್ನು ನಂಬೋದು ಹೇಗೆ?"
– ಒಬ್ಬ ಹಳೆಯ ಓದುಗ

ನೇರವಾಗಿ ಕೇಳಿದ್ದೀರಿ, ಸಂತೋಷ. ಶವಗಳ ಗುರುತು ಹಿಡಿದು, ಆಸ್ಪತ್ರೆಗಳ ಲೆಕ್ಕ ಕೂಡಿಸಲು ಅಧಿಕಾರಿಗಳಿಗೆ ಹೊತ್ತು ಬೇಕು, ಒಪ್ಪುತ್ತೇನೆ. ಗಾಬರಿಯಲ್ಲಿದ್ದವರು "ನೂರಾರು ಜನ ಸತ್ತರು" ಅಂದರೆ ನಾನೂ ಅದನ್ನು ಅಚ್ಚು ಹಾಕುವುದಿಲ್ಲ. ಅವರು ಎಣಿಸಿರುವುದಿಲ್ಲ.

ಆದರೆ ಅವರನ್ನೇ ಬೇರೆ ಪ್ರಶ್ನೆ ಕೇಳಿ ನೋಡಿ. ಎಲ್ಲಿ ನಿಂತಿದ್ದಿರಿ? ಕೈ ಮೇಲೆತ್ತಲು ಆಗುತ್ತಿತ್ತಾ? ಯಾವ ಕಡೆಯಿಂದ ತಳ್ಳಿದರು? ಯಾವ ದಾರಿ ಮುಚ್ಚಿತ್ತು? ಅದು ಅವರ ಮೈಗೆ ಗೊತ್ತು. ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿಕೊಂಡರೆ ಯಾರೂ ತಾವಾಗಿ ಹೆಜ್ಜೆ ಇಡಲಾರರು. ಎದೆ ಹಿಗ್ಗಲು ಜಾಗವಿಲ್ಲದೆ ಎಷ್ಟೋ ಜನ ನಿಂತಲ್ಲೇ ಉಸಿರುಕಟ್ಟಿ ಸಾಯುತ್ತಾರೆ. "ಜನ ಬ್ಯಾರಿಕೇಡ್ ಮುರಿದು ನುಗ್ಗಿದರು" ಎನ್ನುವ ಹೇಳಿಕೆಯಲ್ಲಿ ಇದು ಬರುವುದೇ ಇಲ್ಲ. ತಪ್ಪೆಲ್ಲ ಸತ್ತವರ ಮೇಲೇ ಬೀಳುತ್ತದೆ, ಅಲ್ವಾ?

2025ರ ಜನವರಿ 29, ಮೌನಿ ಅಮಾವಾಸ್ಯೆ. ಪ್ರಯಾಗರಾಜದ ಸಂಗಮದ ಬಳಿ ದುರಂತ ನಡೆದದ್ದು ಬೆಳಕು ಹರಿಯುವ ಮುಂಚೆ. 30 ಜನ ಸತ್ತರೆಂದು ಅಧಿಕಾರಿಗಳು ಹೇಳಿದ್ದು ಸಂಜೆ. ಆಮೇಲೆ ಅದು 37 ಆಯಿತು. ಬಿಬಿಸಿ ಹಿಂದಿಯವರು ಅಷ್ಟಕ್ಕೇ ಬಿಡಲಿಲ್ಲ. 11 ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಮನೆಗಳಿಗೆ ಹೋದರು. ಮರಣೋತ್ತರ ಪರೀಕ್ಷೆಯ ವರದಿ, ಶವಾಗಾರದ ಚೀಟಿ, ಫೋಟೋ, ವಿಡಿಯೋ ನೋಡಿದರು. ಪುರಾವೆ ಗಟ್ಟಿಯಾಗಿದ್ದ ಸಾವುಗಳನ್ನಷ್ಟೇ ಎಣಿಸಿ, ಜೂನ್‌ನಲ್ಲಿ "ಕನಿಷ್ಠ 82" ಎಂದರು. ಸತ್ತವರ ಮನೆಗಳಿಗೆ ಸರ್ಕಾರ ಘೋಷಿಸಿದ್ದ ಪರಿಹಾರ ತಲಾ 25 ಲಕ್ಷ ರೂಪಾಯಿ. 26 ಮನೆಗಳಿಗೆ ಸಿಕ್ಕಿದ್ದು ನಗದಾಗಿ ತಲಾ 5 ಲಕ್ಷ. ಆರೋಗ್ಯ ಕೆಟ್ಟು ಸತ್ತರೆಂದು ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಎಂದು ಕೆಲವು ಮನೆಯವರು ಹೇಳಿದ್ದಾರೆ. ನೀವು ಅನುಮಾನ ಪಡುವ ಆ ಅಳುವವರ ಮನೆಯಲ್ಲೇ ಈ ಕಾಗದಗಳೆಲ್ಲ ಸಿಕ್ಕಿದ್ದು.

2015ರ ಹಜ್ ವೇಳೆ ಮಿನಾದಲ್ಲೂ ಹೀಗೇ ಆಯಿತು. ಸೌದಿ ಸರ್ಕಾರದ ಲೆಕ್ಕ 769ಕ್ಕೇ ನಿಂತಿತು. ತಮ್ಮವರು ಇಷ್ಟು ಜನ ಸತ್ತರೆಂದು ಒಂದೊಂದು ದೇಶ ಹೇಳಿದ್ದನ್ನು ಅಸೋಸಿಯೇಟೆಡ್ ಪ್ರೆಸ್ ಸುಮ್ನೆ ಕೂಡಿಸುತ್ತಾ ಹೋಯಿತು. ಮೊತ್ತ 2,400 ದಾಟಿತು.

ನನ್ನ ಸಿಟ್ಟು ನಮ್ಮವರ ಮೇಲೂ ಇದೆ. ಪತ್ರಿಕಾಗೋಷ್ಠಿಗೆ ಓಡುವಷ್ಟು ಜನ ಶವಾಗಾರದ ಬಾಗಿಲಿಗೆ ಹೋಗುವುದಿಲ್ಲ. ಸತ್ತವರ ಹೆಸರು, ವಯಸ್ಸು, ಊರು ಇರುವ ಪಟ್ಟಿ ಕೊಡಿ ಎಂದು ಪಟ್ಟುಹಿಡಿದು ಕೇಳುವುದಿಲ್ಲ. ವಾರ ಕಳೆದರೆ ಮುಂದಿನ ಸುದ್ದಿ. ತಿಂಗಳಾದ ಮೇಲೆ ಆ ಮನೆಗಳ ಕದ ತಟ್ಟಲು ಎಷ್ಟು ಪತ್ರಿಕೆಗಳು ವರದಿಗಾರರಿಗೆ ಬಸ್ ಚಾರ್ಜು ಕೊಡುತ್ತವೆ, ಹೇಳಿ? ಸರ್ಕಾರದ ಸಂಖ್ಯೆಯನ್ನು ನಾವು ಮುಂದೆಯೂ ಹಾಕುತ್ತೇವೆ. ಯಾರು, ಯಾವಾಗ ಹೇಳಿದರು ಎಂಬುದೂ ಅದರ ಜೊತೆಗೇ ಇರುತ್ತದೆ.