ಅಂಗಡಿಯ ಅಡುಗೆ ಸ್ಪರ್ಧೆಗೆ ಸ್ಕೂಟರ್ ಬಹುಮಾನ ಇಡಬೇಕೇ?

ಪ್ರಶ್ನೆ: ಕಲಬುರಗಿಯಲ್ಲಿ ಹೊಸದಾಗಿ ದಿನಸಿ ಅಂಗಡಿ ಹಾಕಿದ್ದೇನೆ. ಫೇಸ್‌ಬುಕ್‌ನಲ್ಲಿ ಗ್ರಾಹಕರಿಗೆ ಅಡುಗೆ ಸ್ಪರ್ಧೆ ನಡೆಸುವ ವಿಚಾರವಿದೆ, ಹೆಚ್ಚು ಲೈಕ್ ಪಡೆದವರಿಗೆ ಸ್ಕೂಟರ್ ಕೊಟ್ಟರೆ ಜನ ಸೇರುತ್ತಾರೆಯೇ?

ಜನ ಸೇರುತ್ತಾರೆ, ಆದರೆ ಅವರು ನಿಮ್ಮ ಗ್ರಾಹಕರಾಗಿರುವುದಿಲ್ಲ. ಇದೇ ಊರಿನಲ್ಲಿ ನನ್ನದು ತೊಗರಿ ಬೇಳೆ ಮತ್ತು ಜೋಳದ ಹಿಟ್ಟಿನ ಅಂಗಡಿ. ಕೆಲವು ವರ್ಷಗಳ ಹಿಂದೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಾನೂ ಒಂದು ಸ್ಪರ್ಧೆ ಇಟ್ಟೆ. ಮನೆಯಲ್ಲಿ ತೊಗರಿಯಿಂದ ಮಾಡಿದ ಅಡುಗೆಯ ಫೋಟೊ ಕಳುಹಿಸಬೇಕು, ಹೆಚ್ಚು ಲೈಕ್ ಬಂದವರಿಗೆ 5,000 ರೂಪಾಯಿ ಎಂದು ಪೋಸ್ಟರ್ ಮೇಲೆ ಅಚ್ಚು ಹಾಕಿಸಿದೆ. ಅದರಲ್ಲಿದ್ದ ನಿಯಮ ಆ ಒಂದೇ ಸಾಲು.

ಕೊನೆಯ ದಿನ ಸಂಜೆಯವರೆಗೆ ಹಸಿ ತೊಗರಿ ಕಾಳು ಹಾಕಿ ಭಜ್ಜಿ ಮಾಡಿದ್ದ ಒಬ್ಬ ತಾಯಿಯ ಫೋಟೊ 210 ಲೈಕ್‌ಗಳೊಂದಿಗೆ ಮುಂದಿತ್ತು. ರಾತ್ರಿ ಹತ್ತರ ಹೊತ್ತಿಗೆ, ಅಲ್ಲಿಯವರೆಗೆ ತೊಂಬತ್ತರ ಆಸುಪಾಸಿನಲ್ಲಿದ್ದ ಇನ್ನೊಂದು ಫೋಟೊಗೆ ಸಾವಿರಕ್ಕೂ ಹೆಚ್ಚು ಲೈಕ್ ಬಂದಿದ್ದವು. ಲೈಕ್ ಹಾಕಿದ ಖಾತೆಗಳನ್ನು ತೆರೆದು ನೋಡಿದರೆ ಬಹುಪಾಲು ಖಾತೆಗಳಲ್ಲಿ ಮುಖವಿಲ್ಲ, ನಮ್ಮ ಕಡೆಯವರು ಒಬ್ಬರೂ ಇಲ್ಲ. ದುಡ್ಡು ಕೊಟ್ಟು ಲೈಕ್ ತಂದಿದ್ದಾರೆಂದು ನಿಶ್ಚಯಿಸಿ, ಆ ಫೋಟೊವನ್ನು ತೆಗೆದುಹಾಕಿ, ‘ನಕಲಿ ಮತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ’ ಎಂದು ಅದೇ ರಾತ್ರಿ ಹೊಸ ಸಾಲು ಬರೆದೆ.

ನನಗೆ ನಷ್ಟ ತಂದದ್ದು ಆ ಹೊಸ ಸಾಲು. ಮರುದಿನ ಆ ಮನೆಯವರು ಅಂಗಡಿಗೇ ಬಂದು ನನ್ನ ಪೋಸ್ಟರ್ ತೋರಿಸಿ, ‘ಹೆಚ್ಚು ಲೈಕ್ ಬಂದವ್ರಿಗಿ ಅಂತ ನೀವೇ ಬರದೀರಿ, ಈಗ್ಯಾಕ ಮಾತು ತಿರುಗಸ್ತೀರಿ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಾಲು ನ್ಯಾಯವಾದದ್ದೇ, ಆದರೆ ಅದು ಹುಟ್ಟಿದ್ದು ಯಾರು ಗೆಲ್ಲುತ್ತಿದ್ದಾರೆಂದು ನಾನು ನೋಡಿದ ಮೇಲೆ. ಸ್ಪರ್ಧೆ ಆರಂಭವಾಗುವ ಮುನ್ನ ಬರೆದಿದ್ದರೆ ಅದು ನಿಯಮವಾಗುತ್ತಿತ್ತು, ಆ ರಾತ್ರಿ ಬರೆದದ್ದರಿಂದ ಒಬ್ಬರ ವಿರುದ್ಧದ ತೀರ್ಪಾಯಿತು. ಅವರು ಲೈಕ್ ಕೊಂಡದ್ದು ನಿಜವೇ ಆಗಿದ್ದರೂ, ಕೊಳ್ಳಬಾರದೆಂದು ನಾನು ಹೇಳಿರಲಿಲ್ಲ. ಕಡೆಗೆ ಎರಡೂ ಮನೆಗಳಿಗೆ ಐದೈದು ಸಾವಿರ ಕೊಟ್ಟೆ. ದುಡ್ಡಿಗಿಂತ ಹೆಚ್ಚು ನೋಯಿಸಿದ್ದು, ಭಜ್ಜಿ ಮಾಡಿದ್ದ ಆ ತಾಯಿ ಅನಂತರ ನಮ್ಮ ಅಂಗಡಿಗೆ ಬರದೇ ಹೋದದ್ದು.

ಆದ್ದರಿಂದ ಮೊದಲ ಬಹುಮಾನವನ್ನು ಲೈಕ್‌ಗಳ ಕೈಗೆ ಕೊಡಲೇಬೇಡಿ. ಮರುವರ್ಷ ನಾನು ಮೂವರು ತೀರ್ಪುಗಾರರನ್ನು ಇಟ್ಟೆ. ರುಚಿ ನೋಡಲಾಗದ ಕಾರಣ, ಬರೆದು ಕಳುಹಿಸಿದ ಮಾಡುವ ವಿಧಾನಕ್ಕೆ 50, ತೊಗರಿಯ ಬಳಕೆಗೆ 30, ಫೋಟೊಗೆ 20 ಅಂಕವೆಂದು ಮೊದಲೇ ಪ್ರಕಟಿಸಿದೆ. ಅಂಕ ಸಮನಾದರೆ ವಿಧಾನದ ಅಂಕವೇ ನಿರ್ಣಾಯಕ ಎಂದೂ ಬರೆದಿದ್ದೆ. ಜನರ ಮೆಚ್ಚುಗೆಗೆ ಬೇರೆಯೇ ಒಂದು ಚಿಕ್ಕ ಬಹುಮಾನವಿತ್ತು, ಅದರ ಮತವನ್ನು ಅಂಗಡಿಗೆ ಬಂದು ಚೀಟಿಯಲ್ಲೇ ಹಾಕಬೇಕಿತ್ತು.

ಫೋಟೊಗಳು ವಾಟ್ಸ್‌ಆ್ಯಪ್‌ಗೆ ಬರುತ್ತಿದ್ದವು, ನಾನು ನೋಡಿದ ಮೇಲೆಯೇ ಪುಟಕ್ಕೆ ಏರುತ್ತಿದ್ದವು. ಬೇರೆ ಕಡೆಯ ಚಿತ್ರ ಇಳಿಸಿಕೊಂಡು ಕಳುಹಿಸುವವರನ್ನು ತಡೆಯಲು, ಆ ವಾರದ ಗುರುತಿನ ಪದವನ್ನು ಚೀಟಿಯಲ್ಲಿ ಬರೆದು ತಟ್ಟೆಯ ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕೆಂಬ ನಿಯಮ ಮಾಡಿದೆ. ‘ಪುಂಡಿ’ ಎಂಬ ಪದದ ವಾರ ‘ರಾಶಿ’ ಎಂಬ ಹಿಂದಿನ ವಾರದ ಚೀಟಿಯೊಂದಿಗೆ ಬಂದ ಫೋಟೊಗಳನ್ನು ಕಾರಣ ತಿಳಿಸಿ ಅದೇ ದಿನ ಹಿಂದಿರುಗಿಸಿದೆ. ತಿರಸ್ಕರಿಸುವ ಮಾತನ್ನು ಎಲ್ಲರೆದುರು ಆಡಬಾರದು, ಆ ಒಬ್ಬರಿಗೆ ಮಾತ್ರ ಹೇಳಬೇಕು. ಒಬ್ಬರ ಊಟವನ್ನೋ ಜಾತಿಯನ್ನೋ ಹಳಿಯುವ ಕಮೆಂಟನ್ನು ಮಾತ್ರ ಕಂಡ ಕೂಡಲೇ ಅಳಿಸುತ್ತಿದ್ದೆ, ಅದನ್ನೂ ನಿಯಮದಲ್ಲಿ ಹೇಳಿದ್ದೆ.

ಸ್ಕೂಟರ್‌ನ ವಿಚಾರ ಬಿಟ್ಟುಬಿಡಿ. ಅಷ್ಟು ದೊಡ್ಡದೊಂದು ಬಹುಮಾನವಿದ್ದರೆ ಲೈಕ್ ಕೊಳ್ಳುವುದು ಲಾಭದ ಕೆಲಸವಾಗುತ್ತದೆ, ಸಾಮಾನ್ಯ ಗೃಹಿಣಿ ತನಗೆಲ್ಲಿ ಸಿಗುತ್ತದೆಂದು ಸುಮ್ಮನಾಗುತ್ತಾಳೆ. ಎರಡನೆಯ ಸಲ ಆರು ವಾರಗಳ ಕಾಲ, ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ವಾರದ ಗಡುವು ಮುಗಿಸಿ ಇಬ್ಬರಿಗೆ ಎರಡೆರಡು ಕಿಲೋ ಬೇಳೆ ಕೊಟ್ಟೆ, ಕೊನೆಗೆ 3,000 ರೂಪಾಯಿಯ ಒಂದು ಬಹುಮಾನ. ಮೊದಲ ವರ್ಷ ಅರ್ಧಕ್ಕಿಂತ ಹೆಚ್ಚು ಫೋಟೊ ಕಡೆಯ ಎರಡು ದಿನಗಳಲ್ಲಿ ಬಂದಿದ್ದವು, ಈ ಸಲ ವಾರವಾರವೂ ಬಂದವು, ಸೋತವರೂ ಮತ್ತೆ ಕಳುಹಿಸಿದರು.

ಫೋಟೊ ಹಂಚಿಕೊಂಡರೆ ಅಥವಾ ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಪ್ರವೇಶ ಎಂಬ ಷರತ್ತನ್ನೂ ಹಾಕಬೇಡಿ, ಫೇಸ್‌ಬುಕ್‌ನ ನಿಯಮಗಳೇ ಅದನ್ನು ಒಪ್ಪುವುದಿಲ್ಲ. ಫಲಿತಾಂಶವನ್ನು ಪೋಸ್ಟರ್ ಹಾಕಿದ ಜಾಗದಲ್ಲೇ, ಪುಟದಲ್ಲಿಯೂ ಅಂಗಡಿಯ ಬಾಗಿಲಲ್ಲಿಯೂ ಪ್ರಕಟಿಸಿ. ಬಹುಮಾನದ ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದೆ ಮುಚ್ಚಿಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸುತ್ತದೆ. ನಾನು ಮೂವರ ಅಂಕಗಳನ್ನೂ ಬರೆದು ಅಂಟಿಸಿ, ಆಕ್ಷೇಪಕ್ಕೆ ಮೂರು ದಿನ ಬಿಟ್ಟೆ. ಒಬ್ಬರು ಬಂದು ಕೂಡಿಕೆಯಲ್ಲಿ ತಪ್ಪು ತೋರಿಸಿದರು, ಅವರಿಗೆ ಎರಡು ಅಂಕ ಸೇರಿಸಿ ಹಾಳೆಯನ್ನು ತಿದ್ದಿ ಮತ್ತೆ ಅಂಟಿಸಿದೆ.