ಸಾಸವಡದ ಎತ್ತು ಹಳ್ಳಿಕಾರ್ ಹೌದಾ?

"ಪುಣೆ ಹತ್ತಿರ ಸಾಸವಡದಲ್ಲಿ ತೆಗೆದ ಫೋಟೊ. ಬಿಳಿ ಎತ್ತು, ಕೊಂಬು ಹಿಂದಕ್ಕೆ ಉದ್ದ. ನಮ್ಮ ಹಳ್ಳಿಕಾರ್ ತಾನೇ?"

ಇದು ಬಹುಶಃ ಖಿಲಾರಿ. ವಿಜಯಪುರದ ಕಡೆ ಕಿಲಾರಿ ಅಂತಾರಲ್ಲ, ಅದೇ. ಎರಡೂ ತಳಿಗಳ ಕೊಂಬು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟುತ್ತವೆ, ಅದಕ್ಕೇ ಈ ಗೊಂದಲ.

ಮೊದಲು ಕೊಂಬನ್ನು ದೊಡ್ಡದು ಮಾಡಿ ಬುಡದಿಂದ ತುದಿವರೆಗೆ ನೋಡಿ. ಹಳ್ಳಿಕಾರ್ ಕೊಂಬು ಸುಮಾರು ಅರ್ಧದವರೆಗೆ ನೇರ ಹಿಂದಕ್ಕೆ ಹೋಗಿ, ಆಮೇಲೆ ಮುಂದಕ್ಕೆ ಬಾಗಿ, ತುದಿ ಸ್ವಲ್ಪ ಒಳಗೆ ತಿರುಗುತ್ತದೆ. ಖಿಲಾರಿಯದು ಹಣೆಯ ಇಳಿಜಾರಿನ ಗೆರೆಯಲ್ಲೇ ಹಿಂದಕ್ಕೆ ಸಾಗಿ, ಬಿಲ್ಲಿನ ಹಾಗೆ ಮೇಲಕ್ಕೆ ಏಳುತ್ತದೆ. ನಿಮ್ಮ ಫೋಟೊದಲ್ಲಿ ಎಡಗೊಂಬು ಹಾಗೇ ಎದ್ದಿದೆ. ಬಲಗೊಂಬು ನಂಬಬೇಡಿ, ಎತ್ತು ತಲೆ ತಗ್ಗಿಸಿದ್ದರಿಂದ ಅದು ನೇರವಾಗಿ ಕಾಣ್ತಿದೆ.

ಆಮೇಲೆ ಮೂತಿ ನೋಡಿ. ಅಲ್ಲಿ ಗುಲಾಬಿ ಮಚ್ಚೆ ಇದ್ದರೆ ಖಿಲಾರಿ ಕಡೆಗೆ ಇನ್ನಷ್ಟು ವಾಲಬಹುದು.

ಕುತ್ತಿಗೆ ಕೆಳಗಿನ ಗಂಗೆದೊಗಲು ಇಲ್ಲಿ ಸಹಾಯ ಮಾಡಲ್ಲ, ಎರಡರಲ್ಲೂ ತೆಳುವೇ. ಜೋತಾಡುವಷ್ಟು ಇದ್ದರೆ ಗೀರ್, ದೇವಣಿ ತಳಿಗಳ ಕಡೆ ಯೋಚಿಸಬೇಕಿತ್ತು. ಹಿಣಿಲು ಚಿಕ್ಕದಿದೆ ಅಂತ ತಳಿ ತೀರ್ಮಾನಿಸಬೇಡಿ. ಬೀಜ ಒಡೆಸಿದ ಎತ್ತಿಗೆ ಅದು ಹೋರಿಯಷ್ಟು ಬೆಳೆಯಲ್ಲ. ಬಣ್ಣವೂ ಅಷ್ಟೇ, ಹೋರಿಯ ಹೆಗಲು, ತೊಡೆ ಕಪ್ಪಾಗಿರುತ್ತವೆ, ಎತ್ತು ತಿಳಿಯಾಗಿರುತ್ತದೆ. ಪೋಳಾ ಹಬ್ಬಕ್ಕೆ ಕೊಂಬು ಹೆರೆದು ಬಣ್ಣ ಬಳಿದಿದ್ದರೆ ಕೊಂಬಿನ ಬಣ್ಣವೂ ಲೆಕ್ಕಕ್ಕಿಲ್ಲ.

ಮಿಶ್ರತಳಿಯೋ ಅಲ್ಲವೋ ಅನ್ನೋದು ಫೋಟೊದಿಂದ ಖಚಿತ ಆಗಲ್ಲ. ಇನ್ನೊಮ್ಮೆ ಹೋದಾಗ ತಲೆ ಎತ್ತಿದಾಗ ಪಕ್ಕದಿಂದ ಒಂದು, ಎದುರಿನಿಂದ ಒಂದು ಫೋಟೊ ತೆಗೀರಿ. ಯಜಮಾನರಿಗೆ ಯಾವ ಸಂತೆಯಲ್ಲಿ ತಂದಿದ್ದು ಅಂತಲೂ ಕೇಳಿ.