ಗಿರೀಶನಿಗೆ ಯಾರೂ ಹೇಳಿರಲಿಲ್ಲ

ಸಂಪಾದಕರಿಗೆ ನಮಸ್ಕಾರ. ‘ಎರಡು’ ಎಂಬ ನನ್ನ ಕಥೆಯನ್ನು ಕಳುಹಿಸುತ್ತಿದ್ದೇನೆ. ಹೊಸದಾಗಿ ಮ್ಯಾನೇಜರ್ ಆದ ವಿನಯ, ತನ್ನದೇ ತಂಡದಲ್ಲಿರುವ ಗೆಳೆಯ ಗಿರೀಶನಿಗೆ ವರ್ಷದ ಕೊನೆಗೆ ಐದಕ್ಕೆ ಎರಡು ರೇಟಿಂಗ್ ಕೊಡಬೇಕಾಗುತ್ತದೆ. ಓದಿದ ಸ್ನೇಹಿತರು ಕಣ್ಣು ತುಂಬಿ ಬಂತು ಎಂದರು. ಆದರೆ ಎರಡು ಪತ್ರಿಕೆಗಳು ಕಾರಣ ತಿಳಿಸದೆ ಹಿಂದಿರುಗಿಸಿವೆ. ಕಥೆ ಎಲ್ಲಿ ಸೋತಿದೆ? ಮುಚ್ಚುಮರೆಯಿಲ್ಲದೆ ಹೇಳಿ.

ನಮಸ್ಕಾರ.

ಕಥೆಯನ್ನು ಎರಡು ಸಲ ಓದಿದೆ. ನಾಲ್ಕನೆಯ ಪುಟದ ಕೊನೆಯಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಮೂರು ತಿಂಗಳ ವರದಿಗಳನ್ನು ವಿನಯನೇ ರಾತ್ರಿ ಕುಳಿತು ಸರಿಮಾಡಿ, ಗಿರೀಶನ ಹೆಸರಿನಲ್ಲಿಯೇ ಕಳುಹಿಸಿದ್ದ.’ ಇಷ್ಟು ಹೇಳಿ, ಮುಂದಿನ ಸಾಲಿನಲ್ಲಿ ಅವರ ಕಾಲೇಜು ದಿನಗಳಿಗೆ ಹೊರಟುಬಿಡುತ್ತೀರಿ. ಎರಡನೆಯ ಓದಿನಲ್ಲಿ ನಾನು ಆ ಸಾಲನ್ನು ದಾಟಲಾಗದೆ ಬಹಳ ಹೊತ್ತು ಕುಳಿತಿದ್ದೆ. ಹನ್ನೊಂದು ಪುಟಗಳಲ್ಲಿ ನಿಮ್ಮ ಕಥೆ ಇರುವುದು ಅಲ್ಲಿ ಮಾತ್ರ. ಉಳಿದದ್ದೆಲ್ಲ ಆ ಸಾಲಿನಿಂದ ತಪ್ಪಿಸಿಕೊಳ್ಳಲು ಬರೆದಂತಿದೆ.

ಏಕೆ ಹೀಗೆ ಹೇಳುತ್ತೇನೆಂದರೆ, ವಿನಯನ ಮೇಲೆ ಒಂದು ಕಲೆಯೂ ಬೀಳದಂತೆ ನೀವು ಕಾಪಾಡಿದ್ದೀರಿ. ತಪ್ಪೆಲ್ಲ ಮಾನವ ಸಂಪನ್ಮೂಲ ವಿಭಾಗದ್ದು. ‘ನೂರಕ್ಕೆ ಹತ್ತು ಮಂದಿ ಕೆಳಗಿನ ಸಾಲಿನಲ್ಲಿರಲೇಬೇಕು, ನಿನ್ನ ತಂಡದಿಂದ ಒಂದು ಹೆಸರು ಕೊಡು’ ಎಂದು ಆ ವಿಭಾಗದ ಅಧಿಕಾರಿ ಆಜ್ಞೆ ಮಾಡುತ್ತಾರೆ, ವಿನಯ ಕಲ್ಲು ಮನಸ್ಸು ಮಾಡಿಕೊಂಡು ಗೆಳೆಯನ ಹೆಸರು ಬರೆಯುತ್ತಾನೆ. ಇಂತಹ ಪದ್ಧತಿ ಇಲ್ಲವೆಂದು ನಾನು ಹೇಳುವುದಿಲ್ಲ. ನೌಕರರನ್ನು ಹೀಗೆ ಕಡ್ಡಾಯವಾಗಿ ಸಾಲುಹಚ್ಚುವ ಕ್ರಮವನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ಬೇರೆ ಕೆಲವು ಕಂಪನಿಗಳಲ್ಲಿ ಅದು ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ಆದರೆ ನಿಮ್ಮ ಲೆಕ್ಕವನ್ನೇ ನೋಡಿ. ವಿನಯನ ತಂಡದಲ್ಲಿರುವುದು ಆರು ಜನ. ಆರರ ಹತ್ತನೆಯ ಒಂದು ಭಾಗವೆಂದರೆ ಒಬ್ಬ ಮನುಷ್ಯನೂ ಆಗುವುದಿಲ್ಲ. ಇಂತಹ ಪ್ರಮಾಣವನ್ನು ಸಾಮಾನ್ಯವಾಗಿ ಅನೇಕ ತಂಡಗಳನ್ನು ಒಟ್ಟು ಸೇರಿಸಿ, ಇಡೀ ವಿಭಾಗಕ್ಕೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಗಿರೀಶನ ಹೆಸರು ಆ ಪಟ್ಟಿಗೆ ಬರಲೇಬೇಕೆಂಬ ನಿಯಮವಿಲ್ಲ. ಯಾರಾದರೂ ಅದನ್ನು ಅಲ್ಲಿಗೆ ಕೊಂಡೊಯ್ಯಬೇಕು, ಇಲ್ಲವೇ ಬೇರೆಯವರು ಕೊಂಡೊಯ್ಯುವಾಗ ಸುಮ್ಮನಿರಬೇಕು. ಕಚೇರಿಯಲ್ಲಿ ಕೆಲಸ ಮಾಡಿದ ಓದುಗ ಇದನ್ನು ಕೂಡಲೇ ಹಿಡಿಯುತ್ತಾನೆ. ಅವನು ಹಿಡಿದ ಕ್ಷಣದಲ್ಲಿ ನಿಮ್ಮ ದುರಂತ ಒಂದು ಲೆಕ್ಕದ ತಪ್ಪಾಗಿ ಉಳಿಯುತ್ತದೆ.

ನಿಜಕ್ಕೂ ಇದು ಹೇಗೆ ನಡೆಯುತ್ತದೆ ಎಂಬುದರಲ್ಲಿಯೇ ನಿಮಗೆ ಬೇಕಾದ ದೃಶ್ಯವಿದೆ. ನೌಕರ ಮೊದಲು ತನ್ನ ವರ್ಷದ ಕೆಲಸದ ಬಗ್ಗೆ ತಾನೇ ಬರೆದುಕೊಡುತ್ತಾನೆ. ಅದನ್ನು ಓದಿ ಮ್ಯಾನೇಜರ್ ಒಂದು ಕರಡು ರೇಟಿಂಗ್ ಹಾಕುತ್ತಾನೆ. ಆಮೇಲೆ ಸಮಾನ ಹಂತದ ಮ್ಯಾನೇಜರುಗಳೆಲ್ಲ ಒಂದು ಕೋಣೆಯಲ್ಲಿ ಕುಳಿತು, ಪರದೆಯ ಮೇಲೆ ಒಂದೊಂದೇ ಹೆಸರು ತೆಗೆದು, ಒಬ್ಬರ ಮೂರು ಇನ್ನೊಬ್ಬರ ಮೂರಕ್ಕೆ ಸಮವೇ ಎಂದು ತೂಗಿ ನೋಡುತ್ತಾರೆ. ಕ್ಯಾಲಿಬ್ರೇಷನ್ ಸಭೆ ಎನ್ನುವುದು ಇದನ್ನೇ. ನಿಮ್ಮ ಕಥೆಯಲ್ಲಿ ಈ ಸಭೆ ಒಂದು ವಾಕ್ಯದಲ್ಲಿ ಮುಗಿದುಹೋಗಿದೆ. ವಿನಯನನ್ನು ಅಲ್ಲಿ ಕೂರಿಸಿ ನೋಡಿ. ಮ್ಯಾನೇಜರ್ ಆಗಿ ಐದು ತಿಂಗಳಾಗಿದೆ, ಕೋಣೆಯಲ್ಲಿ ಅವನೇ ಕಿರಿಯ. ಗಿರೀಶನಿಗೆ ಮೂರು ಹಾಕಿಕೊಂಡು ಬಂದಿದ್ದಾನೆ. ಪಕ್ಕದ ತಂಡದ ಮ್ಯಾನೇಜರ್ ದ್ವೇಷವಿಲ್ಲದ ದನಿಯಲ್ಲಿ ಕೇಳುತ್ತಾರೆ: ‘ಗಿರೀಶ್ ಈ ವರ್ಷ ಸ್ವಂತವಾಗಿ ಮುಗಿಸಿದ ಕೆಲಸ ಯಾವುದು? ಒಂದು ಉದಾಹರಣೆ ಕೊಡಿ.’ ವಿನಯ ಬಾಯಿ ತೆರೆಯುತ್ತಾನೆ. ಅವನ ತಲೆಯಲ್ಲಿ ಬರುವುದು ಆ ಮೂರು ವರದಿಗಳು. ಅವನ್ನು ಮಾಡಿದವನು ತಾನೇ. ಗಿರೀಶನ ಕೆಲಸವೆಂದು ಹೇಳಿದರೆ ಸುಳ್ಳಾಗುತ್ತದೆ, ತಾನು ಮಾಡಿದೆನೆಂದರೆ ಗೆಳೆಯನನ್ನೂ ತನ್ನನ್ನೂ ಒಟ್ಟಿಗೆ ಒಪ್ಪಿಸಿದಂತಾಗುತ್ತದೆ. ಅವನು ‘ತಂಡದಲ್ಲಿ ಎಲ್ಲರಿಗೂ ಬೇಕಾದವನು’ ಎಂದೇನೋ ಹೇಳುತ್ತಾನೆ. ಪರದೆಯಲ್ಲಿ ಮೂರು ಅಳಿಸಿ ಎರಡು ಮೂಡುತ್ತದೆ. ಇಲ್ಲಿ ಯಾವ ಖಳನಾಯಕನೂ ಬೇಕಾಗಿಲ್ಲ.

ಈಗ ಗಿರೀಶನ ಕಡೆಯಿಂದ ನೋಡಿ. ದಾಖಲೆಯಲ್ಲಿ ಅವನ ಮೂರೂ ವರದಿಗಳು ಸಮಯಕ್ಕೆ ಸರಿಯಾಗಿ ಹೋಗಿವೆ. ವಿನಯ ಯಾವತ್ತೂ ಅವನನ್ನು ಕೂರಿಸಿಕೊಂಡು ‘ಇದು ಸಾಲದು’ ಎಂದಿಲ್ಲ. ಮೊದಲ ಬಾರಿ ಸರಿಮಾಡಿದಾಗ ಗಿರೀಶ ‘ಉಳಿಸಿದೆ ಮಾರಾಯ’ ಎಂದಿರಬಹುದು, ಎರಡನೆಯ ಬಾರಿಗೆ ಅದು ಅಭ್ಯಾಸವಾಗಿರಬಹುದು, ಮೂರನೆಯ ಬಾರಿಗೆ ವಿನಯನೇ ಕೇಳದೆ ಮಾಡಿರಬಹುದು. ಈ ಮೂರು ರಾತ್ರಿಗಳನ್ನು ನೀವು ಬೇರೆ ಬೇರೆಯಾಗಿ ಬರೆಯಬೇಕು. ಸ್ನೇಹವೆಂದು ಆರಂಭವಾದದ್ದು ಎಷ್ಟನೆಯ ರಾತ್ರಿ ಹೇಡಿತನವಾಯಿತು ಎಂಬುದು ಓದುಗನಿಗೆ ಕಾಣಬೇಕು, ವಿನಯನಿಗೆ ಕಾಣಬಾರದು. ವರ್ಷಾಂತ್ಯದ ಮಾತುಕತೆಯಲ್ಲಿ ನೌಕರನಿಗೆ ಹೊಸ ದೂರು ಒಂದೂ ಕೇಳಿಸಬಾರದು, ಎಲ್ಲವನ್ನೂ ಆಗಿಂದಾಗ ಹೇಳಿ ಮುಗಿಸಿರಬೇಕು ಎಂಬುದು ಮ್ಯಾನೇಜರುಗಳಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು. ಗೆಳೆಯನ ವಿಷಯದಲ್ಲಿ ಅದನ್ನು ಪಾಲಿಸುವುದು ಏಕೆ ಇಷ್ಟು ಕಷ್ಟ ಎಂಬುದೇ ನಿಮ್ಮ ವಸ್ತು. ರೇಟಿಂಗ್ ಅದರ ಫಲ, ಅಷ್ಟೇ.

ಹಾಗೆ ಬರೆಯಬೇಕಾದರೆ ಗಿರೀಶ ಮಾಡುವ ಕೆಲಸವೇನೆಂದು ನಮಗೆ ತಿಳಿಯಬೇಕು. ಹನ್ನೊಂದು ಪುಟಗಳಲ್ಲಿ ‘ಪ್ರಾಜೆಕ್ಟ್’ ಎಂಬ ಪದ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿದೆ, ಅದು ಯಾವ ಪ್ರಾಜೆಕ್ಟ್ ಎಂಬುದು ಒಮ್ಮೆಯೂ ಬಂದಿಲ್ಲ. ವರದಿಯಲ್ಲಿ ತಪ್ಪಿದ್ದು ಏನು? ಹಿಂದಿನ ತಿಂಗಳ ಅಂಕಿಗಳನ್ನೇ ಮತ್ತೆ ಅಂಟಿಸಿದ್ದನೇ, ಎರಡು ಪಟ್ಟಿಗಳ ಮೊತ್ತ ತಾಳೆಯಾಗದಿದ್ದರೂ ಬಿಟ್ಟಿದ್ದನೇ? ಒಂದು ತಪ್ಪನ್ನು ಸ್ಪಷ್ಟವಾಗಿ ತೋರಿಸಿದರೆ ಸಾಕು. ಅದನ್ನು ಕಂಡ ಓದುಗ ತಾನೇ ಮ್ಯಾನೇಜರ್ ಆಗಿ ಮನಸ್ಸಿನಲ್ಲಿ ಒಂದು ಅಂಕ ಹಾಕುತ್ತಾನೆ. ಆ ಅಂಕವೂ ಎರಡೇ ಆಗಿದ್ದರೆ ನಿಮ್ಮ ಕಥೆಗೆ ಬೆನ್ನುಮೂಳೆ ಬಂದಂತೆ.

ಗಿರೀಶನ ತಾಯಿಯ ಕಾಯಿಲೆಯನ್ನು ತೆಗೆದುಹಾಕಿ. ಇದನ್ನು ಒರಟಾಗಿ ಹೇಳುತ್ತಿದ್ದೇನೆಂದು ಗೊತ್ತು. ಆದರೆ ನಿಮ್ಮ ಸ್ನೇಹಿತರ ಕಣ್ಣು ತುಂಬಿದ್ದು ಆ ತಾಯಿಗಾಗಿ, ಈ ಇಬ್ಬರಿಗಾಗಿ ಅಲ್ಲ. ಆಸ್ಪತ್ರೆಯ ಓಡಾಟದಿಂದ ಕೆಲಸ ಹಿಂದೆ ಬಿದ್ದವನಿಗೆ ಎರಡು ಕೊಡುವ ಮ್ಯಾನೇಜರ್ ಕ್ರೂರಿ ಎನಿಸುತ್ತಾನೆ, ಅಲ್ಲಿಗೆ ಪ್ರಶ್ನೆಯೇ ಮುಗಿಯಿತು. ಗಿರೀಶ ಆರೋಗ್ಯವಂತನಾಗಿ, ಒಳ್ಳೆಯವನಾಗಿ, ಎಲ್ಲರಿಗೂ ಬೇಕಾದವನಾಗಿ, ತನ್ನ ಕೆಲಸದಲ್ಲಿ ಮಾತ್ರ ಹಿಂದೆ ಬಿದ್ದವನಾಗಿರಲಿ. ಅಂತಹವನಿಗೆ ಹೇಳುವುದೇ ಕಷ್ಟ.

ಸಭೆಗೂ ಗಿರೀಶನಿಗೆ ತಿಳಿಸುವ ದಿನಕ್ಕೂ ನಡುವೆ ನೀವು ಎರಡು ವಾರ ಇಟ್ಟಿದ್ದೀರಿ. ಅದು ಸರಿ, ಮೇಲಿನವರ ಒಪ್ಪಿಗೆ ಬರುವವರೆಗೆ ವಿನಯ ಬಾಯಿ ಬಿಡುವಂತಿಲ್ಲ. ಆದರೆ ಆ ಎರಡು ವಾರಗಳನ್ನು ‘ದಿನಗಳು ಉರುಳಿದವು’ ಎಂದು ದಾಟಿಬಿಟ್ಟಿದ್ದೀರಿ. ಅವರಿಬ್ಬರೂ ದಿನವೂ ಒಟ್ಟಿಗೆ ಊಟಕ್ಕೆ ಕೂರುವವರಲ್ಲವೇ? ಒಂದು ಊಟ ಬರೆಯಿರಿ. ಗಿರೀಶ ಏನನ್ನೋ ತಮಾಷೆಯಾಗಿ ಹೇಳುತ್ತಾನೆ, ವಿನಯ ಅಗತ್ಯಕ್ಕಿಂತ ಹೆಚ್ಚು ನಗುತ್ತಾನೆ, ಗಿರೀಶ ಒಂದು ಕ್ಷಣ ಅವನ ಮುಖ ನೋಡುತ್ತಾನೆ. ಅಷ್ಟು ಸಾಕು.

ಇನ್ನು ಆ ಕೊನೆಯ ಮಾತುಕತೆ. ನಿಮ್ಮ ಪ್ರತಿಯಲ್ಲಿ ಅದು ಹೀಗಿದೆ: ‘ಗಿರೀಶ್, ನೀವು ನನ್ನ ಪ್ರಾಣಸ್ನೇಹಿತ. ಆದರೆ ಕರ್ತವ್ಯ ಮತ್ತು ಸ್ನೇಹದ ನಡುವೆ ನಾನು ಕರ್ತವ್ಯವನ್ನೇ ಆರಿಸಬೇಕಾಗಿದೆ. ನಿನಗೆ ನೋವಾಗುತ್ತದೆಂದು ಗೊತ್ತು.’ ಎದುರಿಗೆ ಕುಳಿತ ಗೆಳೆಯನಿಗೆ ಹೀಗೆ ಭಾಷಣ ಮಾಡುವವರಿಲ್ಲ. ಅದೂ ಅಲ್ಲದೆ, ಒಂದೇ ಮಾತಿನಲ್ಲಿ ನೀವು, ನೀನು ಎರಡೂ ಬಂದಿವೆ. ನಿಮಗೆ ಅದು ಕೈತಪ್ಪಿ ಆದದ್ದು, ಆದರೆ ಕನ್ನಡ ನಿಮ್ಮ ಕೈಗೆ ಎಂತಹ ಸಲಕರಣೆ ಕೊಟ್ಟಿದೆ ನೋಡಿ. ಇವರು ಹತ್ತು ವರ್ಷಗಳಿಂದ ಏಕವಚನದಲ್ಲಿ ಮಾತನಾಡಿದವರು. ವಿನಯ ಮ್ಯಾನೇಜರ್ ಆದ ಮೇಲೂ ಗಿರೀಶ ಎಲ್ಲರೆದುರು ‘ನೀನು’ ಎಂದೇ ಅನ್ನುತ್ತಿದ್ದ, ವಿನಯನಿಗೆ ಅದು ಒಳಗೊಳಗೇ ಹಿತವಾಗಿತ್ತು. ಇಡೀ ಕಥೆಯಲ್ಲಿ ಒಂದೇ ಒಂದು ಸಲ ಅದು ಬದಲಾಗಲಿ. ನಾನಾಗಿದ್ದರೆ ಹೀಗೆ ಬರೆಯಲು ಯತ್ನಿಸುತ್ತಿದ್ದೆ:

ವಿನಯ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದ. ‘ಎರಡು ಬಂದಿದೆ.’

ಗಿರೀಶ ಪರದೆಯನ್ನು ಓದಿದ. ಮತ್ತೆ ಮೇಲಿನಿಂದ ಓದಿದ. ‘ವರದಿಗಳಲ್ಲಿ ತಪ್ಪಿತ್ತು ಎಂದಿದೆ.’

‘ಇತ್ತು.’

‘ನನಗೆ ಯಾವಾಗ ಹೇಳಿದೆ?’

ವಿನಯ ಉತ್ತರಿಸಲಿಲ್ಲ.

‘ಇಲ್ಲ, ಕೇಳುತ್ತಿದ್ದೇನೆ,’ ಎಂದ ಗಿರೀಶ. ‘ನೀವು ಯಾವಾಗ ಹೇಳಿದಿರಿ?’

ಈ ಸಾಲುಗಳನ್ನು ಹಾಗೆಯೇ ಬಳಸಬೇಡಿ, ಅವು ನನ್ನವು. ಆದರೆ ‘ಯಾವಾಗ ಹೇಳಿದೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ. ಸಂಪಾದಕನಾಗುವ ಮೊದಲು ನಾನು ಕೆಲವು ವರ್ಷ ಒಂದು ಕಚೇರಿಯಲ್ಲಿದ್ದೆ, ಗೆಳೆಯನೆಂದುಕೊಂಡವರಿಂದ ಇಂತಹದೇ ಒಂದು ಕಡಿಮೆ ಅಂಕ ಪಡೆದಿದ್ದೆ. ಆ ವರ್ಷ ಸಂಬಳ ಹೆಚ್ಚದೇ ಹೋದದ್ದು ಮರೆತಿದೆ. ಅವರಿಗೆ ಅದು ತಿಂಗಳುಗಳ ಹಿಂದೆಯೇ ಗೊತ್ತಿತ್ತು, ದಿನವೂ ನನ್ನೊಡನೆ ನಗುತ್ತಾ ಇದ್ದರು ಎಂಬುದು ಇನ್ನೂ ಮರೆತಿಲ್ಲ.

ಕೊನೆಯ ಪುಟದಲ್ಲಿ ಗಿರೀಶ ರಾಜೀನಾಮೆ ಕೊಟ್ಟು, ಮಳೆಯಲ್ಲಿ ವಿನಯನನ್ನು ಅಪ್ಪಿಕೊಂಡು, ‘ನೀನು ಮಾಡಿದ್ದು ಸರಿ’ ಎನ್ನುತ್ತಾನೆ. ಆ ಪುಟ ಪೂರ್ತಿ ಹೋಗಲಿ. ವಿನಯನಿಗೆ ಕ್ಷಮೆಯ ಅಗತ್ಯವಿದೆಯೆಂದು ನೀವು ಎಲ್ಲಿಯೂ ತೋರಿಸಿಲ್ಲ, ಹಾಗಿರುವಾಗ ಅದನ್ನು ಗಿರೀಶನಿಂದ ಬಿಟ್ಟಿಯಾಗಿ ಕೊಡಿಸಬೇಡಿ. ಅದಕ್ಕಿಂತ ಒಳ್ಳೆಯ ಕೊನೆ ನಿಮ್ಮ ಒಂಬತ್ತನೆಯ ಪುಟದಲ್ಲಿಯೇ ಇದೆ. ರೇಟಿಂಗ್ ತಿಳಿಸಿದ ಮೇಲೆ ನೌಕರ ಅದನ್ನು ನೋಡಿದ್ದೇನೆಂದು ಪರದೆಯ ಮೇಲೆ ದೃಢೀಕರಿಸಬೇಕು ಎಂದು ನೀವೇ ಬರೆದಿದ್ದೀರಿ. ಅನೇಕ ಕಡೆ ಅದರ ಜೊತೆಯಲ್ಲಿ ನೌಕರನ ಅಭಿಪ್ರಾಯಕ್ಕೆಂದು ಒಂದು ಖಾಲಿ ಜಾಗವೂ ಇರುತ್ತದೆ. ದೃಢೀಕರಿಸಿದರೆ ಒಪ್ಪಿದಂತಲ್ಲ, ಓದಿದಂತೆ ಮಾತ್ರ. ಗಿರೀಶ ಆ ಖಾಲಿ ಜಾಗದಲ್ಲಿ ಏನು ಬರೆಯುತ್ತಾನೆ? ‘ವರದಿಗಳನ್ನು ಸರಿಮಾಡಿದ್ದು ಯಾರೆಂದು ಕೇಳಿ’ ಎಂದು ಬರೆದರೆ ವಿನಯನ ಹೊಸ ಹುದ್ದೆಗೇ ಕುತ್ತು. ಅವನು ಟೈಪ್ ಮಾಡಿ ಅಳಿಸಬಹುದು. ಖಾಲಿ ಬಿಟ್ಟು ಎದ್ದು ಹೋಗಬಹುದು. ರಾತ್ರಿ ತನ್ನ ಮೇಜಿನಲ್ಲಿ ಒಬ್ಬನೇ ಕುಳಿತು ವಿನಯ ಅದನ್ನು ತೆರೆಯುತ್ತಾನೆ. ಅಲ್ಲಿ ಏನಿದೆ ಎಂಬುದನ್ನು ನಾನು ನಿರ್ಧರಿಸಲಾರೆ, ಗಿರೀಶನನ್ನು ಬಲ್ಲವರು ನೀವು.

ಹನ್ನೊಂದು ಪುಟ ಏಳಕ್ಕೆ ಇಳಿದರೆ ಚಿಂತೆಯಿಲ್ಲ. ಕಾಲೇಜಿನ ಭಾಗದಲ್ಲಿ ಸೈಕಲ್ಲಿನ ಪ್ರಸಂಗವೊಂದನ್ನು ಉಳಿಸಿಕೊಳ್ಳಿ. ವಿನಯ ಬೀಳಿಸಿದ ಸೈಕಲ್ಲಿಗೆ ಗಿರೀಶ ತಾನೇ ಬೈಗುಳ ತಿಂದದ್ದು ಆ ಮೂರು ರಾತ್ರಿಗಳ ಹಿಂದಿನ ಋಣವಾಗಿ ಚೆನ್ನಾಗಿ ಕೂರುತ್ತದೆ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ, ಮೊದಲು ಆ ಖಾಲಿ ಜಾಗವನ್ನು ತೆರೆದು ನೋಡುತ್ತೇನೆ.